‘ಲಗೇಜು ಬಂತಾ?’: ದೂರದ ಗೆಳೆಯರ ಅಡ್ಡಹೆಸರು, ಹೊಸಬರ ಕಿವಿ

ಆರು ಜನ ಗೆಳೆಯರು. ದಾವಣಗೆರೆಯ ಒಂದು ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಟ್ಟಿಗೆ ಇದ್ದವರು. ಈಗ ಬೆಂಗಳೂರು, ಹುಬ್ಬಳ್ಳಿ, ಮಸ್ಕತ್, ಟೊರಾಂಟೊ ಎಂದು ಚದುರಿದ್ದಾರೆ. ಉಳಿದಿರುವುದು ಒಂದು ವಾಟ್ಸಾಪ್ ಗುಂಪು, ತಿಂಗಳಿಗೊಮ್ಮೆ ಭಾನುವಾರದ ವಿಡಿಯೊ ಕರೆ, ಡಿಸೆಂಬರಿನಲ್ಲಿ ಎಲ್ಲರೂ ರಜೆ ಹಾಕಿ ಜೋಗಕ್ಕೆ ಹೋಗುವ ಯೋಜನೆ. ಈ ಸಲ ಏಳನೆಯವನೊಬ್ಬ ಸೇರಿದ. ಟೊರಾಂಟೊದ ಗೆಳೆಯನ ಜೊತೆ ಒಂದೇ ಮನೆಯಲ್ಲಿರುವ ಹುಡುಗ, ಮೈಸೂರಿನವನು. ‘ಇವನೂ ಬರ್ತಾನೆ’ ಎಂದು ಗುಂಪಿಗೆ ಹಾಕಿದರು. ಅವನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದು ‘ಲ್ಯಾಂಡ್ ಆದೆ’ ಎಂದು ಬರೆದ ಹೊತ್ತಿಗೆ ಸರಿಯಾಗಿ ಹುಬ್ಬಳ್ಳಿಯಿಂದ ಒಂದು ಸಂದೇಶ ಬಿತ್ತು: ‘ಲೇ, ಲಗೇಜು ಬಂತಾ?’

ಅವನು ವಿನಯದಿಂದಲೇ ಉತ್ತರ ಕೊಟ್ಟ: ‘ಬಂತು ಸರ್. ಎರಡು ಬ್ಯಾಗು, 23 ಕೆಜಿ ಒಂದೊಂದು.’

ಹುಬ್ಬಳ್ಳಿಯವನು ಕೇಳಿದ್ದು ಮಸ್ಕತ್‌ನಿಂದ ಬರಬೇಕಿದ್ದ ಪ್ರವೀಣನ ಬಗ್ಗೆ. ಹಾಸ್ಟೆಲಿನ ದಿನಗಳಲ್ಲಿ ಇವರೆಲ್ಲ ಸಾಗರದ ಬಸ್ ನಿಲ್ದಾಣದಲ್ಲಿ ಚಹಾಕ್ಕೆ ಇಳಿದಾಗ ಬಸ್ಸು ಹೊರಟೇಬಿಟ್ಟಿತ್ತು. ಒಳಗೆ ಇದ್ದದ್ದು ಎಲ್ಲರ ಲಗೇಜು, ಅದರ ಮೇಲೆ ತಲೆಯಿಟ್ಟು ಮಲಗಿದ್ದ ಪ್ರವೀಣ. ಅಂದಿನಿಂದ ಅವನು ಲಗೇಜು. ಸಲಿಗೆ ಹೆಚ್ಚಾದಾಗ ‘ಬಂದನಾ’ ಹೋಗಿ ‘ಬಂತಾ’ ಆಗುತ್ತದಲ್ಲ, ಹೊಸಬ ಎಡವಿದ್ದು ಅಲ್ಲೇ.

ಈ ಗುಂಪು ಇದ್ದಂತೆಯೇ ಎಲ್ಲೂ ಇಲ್ಲ, ವಿವರಿಸಲು ಅನುಕೂಲವಾಗಲೆಂದು ನಾನು ಕಟ್ಟಿಕೊಂಡಿದ್ದು. ಆದರೆ ಇಂಥ ಗುಂಪು ಓದುಗರಲ್ಲಿ ಹೆಚ್ಚಿನವರ ಮೊಬೈಲಿನಲ್ಲಿ ಒಂದಾದರೂ ಇದ್ದೇ ಇರುತ್ತದೆ. ಕುತೂಹಲದ ಪ್ರಶ್ನೆ ಇದು: ಕನ್ನಡ ಚೆನ್ನಾಗಿ ಬರುವ, ಬುದ್ಧಿವಂತನಾದ ಹುಡುಗನಿಗೆ ಎರಡು ಪದದ ಒಂದು ಕನ್ನಡ ವಾಕ್ಯ ಏಕೆ ಅರ್ಥವಾಗಲಿಲ್ಲ? ‘ಹಿನ್ನೆಲೆ ಗೊತ್ತಿರಲಿಲ್ಲ’ ಎನ್ನುವುದು ಅರ್ಧ ಉತ್ತರ. ಉಳಿದರ್ಧ ತಿಳಿಯಬೇಕಾದರೆ ಅಡ್ಡಹೆಸರು ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು.

ಹಾಗೆ ನೋಡಲು ಒಂದು ಪ್ರಯೋಗ ಇದೆ. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಹರ್ಬರ್ಟ್ ಕ್ಲಾರ್ಕ್ ಮತ್ತು ಡಿಯಾನಾ ವಿಲ್ಕ್ಸ್-ಗಿಬ್ಸ್ ಪ್ರಕಟಿಸಿದ್ದು. ಯಂತ್ರವಿಲ್ಲ, ಖರ್ಚಿಲ್ಲ, ಒಂದು ಅಡ್ಡಪರದೆ ಮತ್ತು ಟ್ಯಾಂಗ್ರಮ್ ಚಿತ್ರಗಳ ಒಂದಿಷ್ಟು ಕಾರ್ಡು. ಚೌಕವೊಂದನ್ನು ಏಳು ತುಂಡು ಮಾಡಿ, ಆ ತುಂಡುಗಳನ್ನು ಜೋಡಿಸಿದರೆ ಮನುಷ್ಯನಂತೆ, ಹಕ್ಕಿಯಂತೆ ಕಾಣುವ ಕರಿಯ ಆಕೃತಿಗಳಾಗುತ್ತವಲ್ಲ, ಅವೇ ಟ್ಯಾಂಗ್ರಮ್. ಅವುಗಳಿಗೆ ಹೆಸರಿಲ್ಲ. ಪರದೆಯ ಎರಡು ಬದಿಯಲ್ಲಿ ಇಬ್ಬರು, ಇಬ್ಬರ ಬಳಿಯೂ ಅದೇ 12 ಚಿತ್ರಗಳು. ಒಬ್ಬ ಬಾಯಿಮಾತಿನಲ್ಲಿ ವರ್ಣಿಸಬೇಕು, ಇನ್ನೊಬ್ಬ ಅದೇ ಕ್ರಮದಲ್ಲಿ ಕಾರ್ಡು ಜೋಡಿಸಬೇಕು. ಅದೇ ಚಿತ್ರಗಳ ಕ್ರಮ ಬದಲಿಸಿ, ಇದನ್ನು ಆರು ಸುತ್ತು ಆಡಿಸಿದರು.

ಮೊದಲ ಸುತ್ತಿನಲ್ಲಿ ಒಂದು ಚಿತ್ರವನ್ನು ಗುರುತಿಸಲು ವರ್ಣಿಸುವವರಿಗೆ ಸರಾಸರಿ 41 ಪದ ಬೇಕಾಯಿತು. ಆರನೇ ಸುತ್ತಿಗೆ 8 ಸಾಕಾಯಿತು. ಒಂದು ಚಿತ್ರವನ್ನು ಮೊದಲಿಗೆ ‘ಐಸ್ ಮೇಲೆ ಜಾರುತ್ತಿರುವವನ ಹಾಗಿದೆ, ಆದರೆ ಎರಡು ಕೈ ಮುಂದಕ್ಕೆ ಚಾಚಿದ್ದಾನೆ’ ಎಂಬ ಧಾಟಿಯಲ್ಲಿ ಉದ್ದಕ್ಕೆ ವರ್ಣಿಸಿದವರು ಕೊನೆಯಲ್ಲಿ ‘ಐಸ್ ಸ್ಕೇಟರ್’ ಎಂದರೆ ಮುಗಿಯಿತು. ಈ ಇಳಿಕೆ ವರ್ಣಿಸುವವನೊಬ್ಬನ ಜಾಣತನವಲ್ಲ ಎನ್ನುವುದೇ ಪ್ರಯೋಗದ ಮುಖ್ಯ ಮಾತು. ಕೇಳುವವನು ‘ಒಂದು ಕಾಲು ಮೇಲೆತ್ತಿದಾನಲ್ಲ, ಅವನಾ?’ ಎನ್ನುತ್ತಾನೆ, ವರ್ಣಿಸುವವನು ‘ಹ್ಞಾಂ, ಅವನೇ’ ಎನ್ನುತ್ತಾನೆ. ಆ ‘ಹ್ಞಾಂ’ಗಳು ಕೂಡಿ ಕೂಡಿ ಹೆಸರು ಗಟ್ಟಿಯಾಗುತ್ತದೆ. ಇದಕ್ಕೂ ಮುಂಚೆ, 1960ರ ದಶಕದಲ್ಲೇ, ರಾಬರ್ಟ್ ಕ್ರೌಸ್ ಮತ್ತು ಸಿಡ್ನಿ ವೈನ್‌ಹೈಮರ್ ಇದರ ಉಲ್ಟಾ ಬದಿಯನ್ನು ತೋರಿಸಿದ್ದರು. ಕೇಳುವವನ ಮರುಮಾತನ್ನು ತಡೆದರೆ ಹೆಸರುಗಳು ಅಷ್ಟಾಗಿ ಚಿಕ್ಕದಾಗುವುದೇ ಇಲ್ಲ.

ಈಗ ಲಗೇಜಿಗೆ ಬನ್ನಿ. ಸಾಗರದ ಘಟನೆಯ ಮಾರನೇ ದಿನ ಅದು ಹೆಸರಾಗಿರಲಿಲ್ಲ, ಕತೆಯಾಗಿತ್ತು. ಹಾಸ್ಟೆಲಿನಲ್ಲಿ ಹತ್ತು ಸಲ ಹೇಳಿ, ‘ಅವತ್ತು ಲಗೇಜ್ ಜೊತೆ ಹೋದೋನು’ ಎಂದಾಗಿ, ಕೊನೆಗೆ ಒಂದೇ ಪದ ಉಳಿಯಿತು. ಆ ಆರು ಜನ 41 ಪದದಿಂದ ಹೊರಟು ಒಂದಕ್ಕೆ ತಲುಪಿದ ದಾರಿ ಅವರಿಗೆ ನೆನಪಿದೆ. ಹೊಸಬನ ಕೈಗೆ ಸಿಕ್ಕಿದ್ದು ಕೊನೆಯ ಒಂದು ಪದ.

ಹಾಗಾದರೆ ಅವನನ್ನು ಗುಂಪಿನಲ್ಲಿ ಸುಮ್ಮನೆ ಇರಲು ಬಿಟ್ಟರೆ ಕೇಳಿ ಕೇಳಿ ಕಲಿಯುತ್ತಾನಲ್ಲವೇ? ನಮ್ಮ ಗುಂಪುಗಳೆಲ್ಲ ನಂಬಿರುವುದು ಇದನ್ನೇ. ‘ಇರ್ಲಿ ಬಿಡೋ, ಹೋಗ್ತಾ ಹೋಗ್ತಾ ಗೊತ್ತಾಗುತ್ತೆ.’ 1989ರಲ್ಲಿ ಮೈಕೆಲ್ ಶೋಬರ್ ಮತ್ತು ಕ್ಲಾರ್ಕ್ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಅದೇ ಆಟ, ಆದರೆ ಜೊತೆಗೆ ಕದ್ದು ಕೇಳುವವರೂ ಇದ್ದರು. ಅವರಿಗೂ ಚಿತ್ರಗಳನ್ನು ಕೊಟ್ಟಿದ್ದರು. ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದು ಮಾತೂ ಅವರ ಕಿವಿಗೆ ಬೀಳುತ್ತಿತ್ತು. ನಡುವೆ ಪ್ರಶ್ನೆ ಕೇಳುವಂತಿರಲಿಲ್ಲ, ಅಷ್ಟೇ. ಆಟದಲ್ಲಿದ್ದವನಿಗಿಂತ ಇವರು ಹೆಚ್ಚು ತಪ್ಪು ಮಾಡಿದರು. ನಡುವೆ ಬಂದು ಸೇರಿಕೊಂಡವರಂತೂ ಇನ್ನೂ ಹೆಚ್ಚು.

ಕಾರಣ ನೇರವಾಗಿದೆ. ಮಾತಾಡುವವನು ತನ್ನ ಎದುರಿನವನಿಗೆ ಅರ್ಥವಾದ ಕ್ಷಣವೇ ಮುಂದಿನ ಚಿತ್ರಕ್ಕೆ ಹೋಗುತ್ತಾನೆ. ಕದ್ದು ಕೇಳುವವನಿಗೆ ಆಗಿನ್ನೂ ಅರ್ಧ ಅರ್ಥವಾಗಿರುತ್ತದೆ. ಅವನಿಗಾಗಿ ಯಾರೂ ನಿಲ್ಲುವುದಿಲ್ಲ. ಆ ಅರೆಬರೆ ಅರ್ಥದ ಮೇಲೆ ಮುಂದಿನ ಸುತ್ತಿನ ಚಿಕ್ಕ ಹೆಸರು ಬಂದು ಕೂರುತ್ತದೆ.

ಹೊಸಬರ ಬಗ್ಗೆ ನೇರವಾಗಿ ಮಾತಾಡುವ ಪ್ರಯೋಗ 1992ರದು. ವಿಲ್ಕ್ಸ್-ಗಿಬ್ಸ್ ಮತ್ತು ಕ್ಲಾರ್ಕ್ ಇಬ್ಬರನ್ನು ಆಟಕ್ಕೆ ಕೂರಿಸಿ, ಹೆಸರುಗಳು ಚಿಕ್ಕದಾದ ಮೇಲೆ ಜೊತೆಗಾರನನ್ನು ಬದಲಿಸಿದರು. ಹೊಸ ಜೊತೆಗಾರ ಅಲ್ಲಿಯವರೆಗೆ ಎಲ್ಲಿದ್ದ ಎನ್ನುವುದರ ಮೇಲೆ ಫಲಿತಾಂಶ ನಿಂತಿತು. ಚಿತ್ರ ಕಾಣುವಂತೆ ಪಕ್ಕದಲ್ಲೇ ಕೂರಿಸಿಕೊಂಡು, ಮಾತಿನಲ್ಲಿ ಇವನೂ ಒಬ್ಬ ಎಂದು ಒಪ್ಪಿಕೊಂಡಿದ್ದವನೊಡನೆ ಚಿಕ್ಕ ಹೆಸರುಗಳಲ್ಲೇ ಆಟ ಮುಂದುವರಿಯಿತು. ಅದೇ ಕೋಣೆಯಲ್ಲಿ ಕೂತು, ಚಿತ್ರ ಕಾಣದೆ ಮಾತು ಮಾತ್ರ ಕೇಳಿಸಿಕೊಂಡವನೊಡನೆ ಹೆಚ್ಚುಕಡಿಮೆ ಮೊದಲಿನಿಂದ ಶುರುಮಾಡಬೇಕಾಯಿತು.

ದೂರದ ಗೆಳೆಯರ ಗುಂಪಿನಲ್ಲಿ ಹೊಸಬ ಈ ಎರಡನೆಯವನ ಜಾಗದಲ್ಲಿ ಕೂರುತ್ತಾನೆ. ಹಾಸ್ಟೆಲಿನ ಕಟ್ಟೆಯ ಮೇಲಾಗಿದ್ದರೆ ಯಾರೋ ‘ಲಗೇಜು’ ಎಂದಾಗ ಎಲ್ಲರ ಕಣ್ಣು ಪ್ರವೀಣನ ಕಡೆ ತಿರುಗುತ್ತಿತ್ತು, ಹೊಸಬನಿಗೆ ಅಷ್ಟೇ ಸಾಕಾಗುತ್ತಿತ್ತು. ವಾಟ್ಸಾಪಿನಲ್ಲಿ ಕಣ್ಣಿಲ್ಲ. ಅಷ್ಟೇ ಅಲ್ಲ, ಹಳಬರ ಮೊಬೈಲಿನಲ್ಲಿ ಪ್ರವೀಣನ ನಂಬರು ‘ಲಗೇಜು’ ಎಂದೇ ಸೇವ್ ಆಗಿರುತ್ತದೆ; ಅವರ ಪರದೆಯ ಮೇಲೆ ಹೆಸರೂ ಮಾತೂ ಹೊಂದುತ್ತವೆ. ಹೊಸಬನ ಪರದೆಯಲ್ಲಿ ಕಾಣುವುದು ಒಮಾನಿನ ಒಂದು ನಂಬರು, ಪಕ್ಕದಲ್ಲಿ ಪ್ರವೀಣ ತಾನೇ ಇಟ್ಟುಕೊಂಡ ಪ್ರೊಫೈಲ್ ಹೆಸರು. ಎಲ್ಲರೂ ಒಂದೇ ಗುಂಪನ್ನು ನೋಡುತ್ತಿದ್ದೇವೆ ಎಂದುಕೊಂಡಿರುತ್ತಾರೆ, ನಿಜಕ್ಕೂ ನೋಡುತ್ತಿರುವುದು ಬೇರೆ ಬೇರೆ.

ಮನುಷ್ಯರಿಗೆ ಈ ವಿಷಯದಲ್ಲಿ ತಕ್ಕಮಟ್ಟಿಗೆ ಒಳ್ಳೆಯ ಬುದ್ಧಿ ಇದೆ ಎಂಬುದನ್ನೂ ಹೇಳಬೇಕು. ಸಿ ಆನ್ ಯೂನ್ ಮತ್ತು ಸಾರಾ ಬ್ರೌನ್-ಸ್ಮಿತ್ 2014ರಲ್ಲಿ ಮೂವರನ್ನು ಕೂರಿಸಿ ನೋಡಿದರು. ಎದುರಿಗೆ ಹೆಸರು ಗೊತ್ತಿರುವವನೂ ಗೊತ್ತಿಲ್ಲದವನೂ ಒಟ್ಟಿಗೆ ಇದ್ದರೆ, ಮಾತಾಡುವವರು ಗೊತ್ತಿಲ್ಲದವನನ್ನು ಲೆಕ್ಕಕ್ಕೆ ಹಿಡಿದು ವರ್ಣನೆಯನ್ನು ಮತ್ತೆ ಉದ್ದ ಮಾಡಿದರು. ಅಂದರೆ ಹೊಸಬ ಕಣ್ಣಿಗೆ ಕಾಣುತ್ತಿದ್ದರೆ ನಾವು ತಾನಾಗಿ ಬಿಡಿಸಿ ಹೇಳುತ್ತೇವೆ. ಗುಂಪಿನಲ್ಲಿ ಬರೆಯುವಾಗ ತೊಂದರೆ ಆಗುವುದು ಸುಮ್ಮನಿರುವವನು ಕಾಣುವುದಿಲ್ಲವಾದ್ದರಿಂದ. ಬೆರಳು ಹುಬ್ಬಳ್ಳಿಯ ಗೆಳೆಯನಿಗೆ ಉತ್ತರ ಬರೆಯುತ್ತಿರುತ್ತದೆ, ಓದುವವರು ಏಳು ಜನ ಎಂಬುದು ಮರೆತುಹೋಗಿರುತ್ತದೆ.

ಎಲ್ಲ ಅಡ್ಡಹೆಸರುಗಳೂ ಹೊಸಬನಿಗೆ ಒಂದೇ ಸಮ ಕಷ್ಟವಲ್ಲ. ಇದೇ ಗುಂಪಿನಲ್ಲಿ ಇನ್ನಿಬ್ಬರನ್ನು ನೋಡೋಣ. ಬೆಂಗಳೂರಿನವನು ‘ವಾರ್ಡನ್’. ಟಿಕೆಟ್ ಬುಕ್ ಮಾಡುವುದು, ಯಾರು ದುಡ್ಡು ಕೊಟ್ಟಿಲ್ಲ ಎಂದು ಪಟ್ಟಿ ಹಾಕುವುದು, ರಾತ್ರಿ ಹನ್ನೊಂದಕ್ಕೆ ‘ಮಲಗ್ರೋ ಎಲ್ಲಾ’ ಎಂದು ಬರೆಯುವುದು ಅವನ ಕೆಲಸ. ಹೊಸಬ ಎರಡು ದಿನದಲ್ಲಿ ಅವನನ್ನು ಹಿಡಿದುಬಿಡುತ್ತಾನೆ, ಯಾರೂ ಹೇಳಿಕೊಡಬೇಕಿಲ್ಲ. ಹೆಸರಿಗೆ ಸಾಕ್ಷಿ ಇವತ್ತಿನ ನಡವಳಿಕೆಯಲ್ಲೇ ಇದೆ. ಇನ್ನೊಬ್ಬ ‘ಹದಿನೇಳು’. ಅವನ ರೂಮ್ ನಂಬರು ಅದಾಗಿತ್ತು. ಆ ಹಾಸ್ಟೆಲಿನಲ್ಲಿ ಇಲ್ಲದವನಿಗೆ ಈ ಹೆಸರಿನಿಂದ ಆ ಮನುಷ್ಯನ ಕಡೆಗೆ ಯಾವ ದಾರಿಯೂ ಇಲ್ಲ. ‘ಲಗೇಜು’ ಇವೆರಡರ ನಡುವಿನದು. ಕೇಳಿದೊಡನೆ ತಿಳಿಯುವುದಿಲ್ಲ, ಆದರೆ ಒಮ್ಮೆ ಕತೆ ಕೇಳಿದರೆ ಮರೆಯುವುದಿಲ್ಲ.

ಹೊಸಬರಿಗೆ ಹಿಡಿತ ಕೊಡುವ ಹೆಸರು ಹೇಗೆ ಉಳಿದುಕೊಳ್ಳುತ್ತದೆ ಎನ್ನುವುದರ ಬಗ್ಗೆಯೂ ಸುಳಿವಿದೆ. ನಿಕೋಲಸ್ ಫೇ, ಸೈಮನ್ ಗ್ಯಾರಡ್ ಮತ್ತು ಸಂಗಡಿಗರು ಚಿತ್ರ ಬರೆದು ಪದ ಊಹಿಸುವ ಆಟ ಆಡಿಸಿದರು. ಕೆಲವರು ಒಬ್ಬನೇ ಜೊತೆಗಾರನೊಡನೆ ಮತ್ತೆ ಮತ್ತೆ ಆಡಿದರು. ಇನ್ನು ಕೆಲವರು ಎಂಟು ಜನರ ಗುಂಪಿನಲ್ಲಿ ಜೊತೆ ಬದಲಿಸುತ್ತ ಆಡಿದರು. ಎರಡರಲ್ಲೂ ಚಿತ್ರಗಳು ಸರಳವಾಗಿ ಕೆಲವೇ ಗೆರೆಗಳಿಗೆ ಇಳಿದವು. ಆಟದಲ್ಲೇ ಇಲ್ಲದ ಹೊರಗಿನವರಿಗೆ ಆ ಗೆರೆಗಳನ್ನು ತೋರಿಸಿದಾಗ, ಎಂಟು ಜನರ ಕೈಯಲ್ಲಿ ಸುತ್ತಿ ಬಂದವು ಹೆಚ್ಚು ಸುಲಭವಾಗಿ ಗುರುತಾದವು (2008ರ ಪ್ರಕಟಣೆ ಇದು). ಹಲವರಿಗೆ ತಿಳಿಯಬೇಕಾದ ಗುರುತು ತನ್ನ ಮೂಲದ ಚಹರೆಯನ್ನು ಸ್ವಲ್ಪ ಉಳಿಸಿಕೊಳ್ಳುತ್ತದೆ. ಇಬ್ಬರ ನಡುವಿನ ಗುರುತಿಗೆ ಆ ಒತ್ತಡವಿಲ್ಲ. ಇದು ಚಿತ್ರಗಳ ಪ್ರಯೋಗ, ಅಡ್ಡಹೆಸರುಗಳದ್ದಲ್ಲ ಎಂಬ ಎಚ್ಚರ ಇಟ್ಟುಕೊಂಡೇ ಹೇಳುತ್ತೇನೆ: ಗುಂಪಿನಲ್ಲಿ ಇಬ್ಬರೇ ಬಳಸುವ ಹೆಸರಿಗಿಂತ ಆರೂ ಜನ ಬಳಸುವ ಹೆಸರು ಏಳನೆಯವನಿಗೂ ಒಗ್ಗುವ ಸಂಭವ ಹೆಚ್ಚು.

ಆದರೆ ‘ಬೇಗ ಅರ್ಥವಾಗುವುದೇ ಒಳ್ಳೆಯ ಹೆಸರು’ ಎಂದು ಸೂತ್ರ ಮಾಡಿಕೊಂಡರೆ ಕೆಟ್ಟೆವು. ಎಲ್ಲಕ್ಕಿಂತ ಬೇಗ ಅರ್ಥವಾಗುವುದು ಕುಳ್ಳ, ಡುಮ್ಮ, ಕರಿಯ. ಮೈಯನ್ನು ನೋಡಿ ಇಟ್ಟ ಹೆಸರಿಗೆ ಕತೆಯೇ ಬೇಡ. ಹೊಸಬನಿಗೆ ಅದು ಮೊದಲ ನಿಮಿಷದಲ್ಲೇ ತಿಳಿಯುತ್ತದೆ, ಆದರೆ ಅವನು ಅದನ್ನು ಬಾಯಿಗೆ ತರಲಾರ. ಹದಿನೈದು ವರ್ಷದ ಸಲಿಗೆ ಇದ್ದವನು ‘ಡುಮ್ಮ’ ಎಂದರೆ ನಗು, ನಿನ್ನೆ ಬಂದವನು ಎಂದರೆ ಜಗಳ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಹುಡುಗರ ಬೇಸ್‌ಬಾಲ್ ತಂಡಗಳ ಒಳಸಂಸ್ಕೃತಿಯ ಬಗ್ಗೆ 1979ರಲ್ಲಿ ಬರೆದಾಗ, ಒಂದು ಮಾತು ಗುಂಪಿನಲ್ಲಿ ನೆಲೆಯೂರಲು ಅದು ಗೊತ್ತಿದ್ದರೆ ಸಾಲದು, ಬಳಸಲೂ ಬರಬೇಕು ಎಂದು ಬೇರೆಯಾಗಿಯೇ ಗುರುತಿಸಿದ. ತಿಳಿಯುವುದು ಒಂದು, ಬಳಸಲು ಬಾಯಿ ಬರುವುದು ಇನ್ನೊಂದು. ಮೈಯ ಮೇಲಿನ ಹೆಸರುಗಳು ಈ ಎರಡನೆಯ ಬಾಗಿಲಲ್ಲಿ ಹೊಸಬನನ್ನು ನಿಲ್ಲಿಸುತ್ತವೆ. ಹಳಬನೂ ಎಷ್ಟೋ ಸಲ ಆ ಹೆಸರನ್ನು ನಗುತ್ತ ಸಹಿಸಿಕೊಂಡಿರುತ್ತಾನೆ, ಅದು ಬೇರೆ ಮಾತು.

ಕನ್ನಡದಲ್ಲಿ ಈ ಎರಡನೆಯ ಬಾಗಿಲಿಗೆ ಇನ್ನೂ ಒಂದು ಚಿಲಕವಿದೆ: ಏಕವಚನ, ಬಹುವಚನ. ಅಡ್ಡಹೆಸರು ಬಂದಲ್ಲಿ ಏಕವಚನ ತಾನಾಗಿ ಬರುತ್ತದೆ. ಮೈಸೂರಿನ ಹುಡುಗ ಇವರಿಗಿಂತ ಐದಾರು ವರ್ಷ ಚಿಕ್ಕವನು. ‘ಲಗೇಜು ಎಲ್ಲಿದಾನೆ?’ ಎನ್ನಲು ನಾಲಗೆ ಏಳುವುದಿಲ್ಲ, ‘ಲಗೇಜು ಅವರು ಎಲ್ಲಿದಾರೆ?’ ಎಂದರೆ ಎಲ್ಲರೂ ನಗುತ್ತಾರೆ. ಇಂಥ ಇಕ್ಕಟ್ಟಿನಲ್ಲಿ ನಮ್ಮವರು ಕಂಡುಕೊಂಡಿರುವ ಹಳೆಯ ಉಪಾಯ ‘ಅಣ್ಣ’. ‘ಲಗೇಜಣ್ಣ’, ‘ವಾರ್ಡನಣ್ಣ’. ಹಳೆಯ ನೆನಪೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಗೆಳೆಯರ ಹೆಂಡತಿಯರು ಗುಂಪಿಗೆ ಬಂದಾಗಲೂ ಇದೇ ಆಗುವುದನ್ನು ನೀವು ನೋಡಿರಬಹುದು. ಈ ತಿದ್ದುಪಡಿಯನ್ನು ಹಳಬರು ಗೇಲಿ ಮಾಡಬಾರದು. ಹೊಸಬ ಆ ಹೆಸರನ್ನು ತನ್ನ ಬಾಯಿಗೆ ಹೊಂದುವಂತೆ ಮಾಡಿಕೊಳ್ಳುತ್ತಿದ್ದಾನೆ.

23 ಕೆಜಿಯ ಉತ್ತರ ಬಂದಾಗ ಗುಂಪು ಏನು ಮಾಡಬಹುದಿತ್ತು? ಒಂದು, ನಗುವ ಮುಖಗಳನ್ನು ಸಾಲಾಗಿ ಹಾಕಿ ಮುಂದೆ ಹೋಗುವುದು. ಆಗ ಹುಡುಗನಿಗೆ ತಾನು ಏನೋ ತಪ್ಪು ಹೇಳಿದೆ ಎಂಬುದಷ್ಟೇ ತಿಳಿಯುತ್ತದೆ. ಇನ್ನೊಂದು, ವಾರ್ಡನ್ ಒಂದು ಪಟ್ಟಿ ಮಾಡಿ ಹಾಕುವುದು: ಲಗೇಜು ಎಂದರೆ ಇವನು, ಹದಿನೇಳು ಎಂದರೆ ಇವನು, ಕಾರಣ ಹೀಗೆ ಹೀಗೆ. ಸದುದ್ದೇಶದ ಕೆಲಸವೇ. ನಂಬರಿಗೂ ಹೆಸರಿಗೂ ತಾಳೆ ಹಾಕಲು ಪಟ್ಟಿ ಅನುಕೂಲ. ಆದರೆ ಆರು ಜನರ ಆರು ಕತೆಗಳನ್ನು ಒಂದೇ ಸಲ ಓದುವವನು ಮತ್ತೆ ಕದ್ದು ಕೇಳುವವನ ಜಾಗದಲ್ಲೇ ಇರುತ್ತಾನೆ. ‘ಅವನಾ?’ ಎಂದು ಕೇಳಿ ‘ಹ್ಞಾಂ’ ಎನಿಸಿಕೊಳ್ಳುವ ಸರದಿ ಅವನಿಗೆ ಸಿಗುವುದಿಲ್ಲ.

ಯಾರು ಎನ್ನುವುದನ್ನೂ ಯಾಕೆ ಎನ್ನುವುದನ್ನೂ ಬೇರೆ ಮಾಡಿದರೆ ಕೆಲಸ ಹಗುರಾಗುತ್ತದೆ. ಹೊಸಬನಿಗೆ ತುರ್ತಾಗಿ ಬೇಕಾದದ್ದು ಯಾರು. ಅದು ಅದೇ ವಾಕ್ಯದೊಳಗೆ ಬಂದರೆ ಸಾಕು: ‘ಲಗೇಜು ಅಂದ್ರೆ ನಮ್ಮ ಮಸ್ಕತ್ ಪ್ರವೀಣ ಮಾರಾಯ, ಅವನ ಫ್ಲೈಟ್ ಬಂತಾ ಅಂತ ಕೇಳಿದ್ದು.’ ಇದಕ್ಕೆ ಎಂಟು ಹತ್ತು ಪದ ಹೆಚ್ಚು ಬೇಕು. ಮುಂದಿನ ಕೆಲವು ದಿನ ‘ಲಗೇಜು ಪ್ರವೀಣ’ ಎಂದೇ ಬರೆದು, ಹುಡುಗ ತಾನಾಗಿ ‘ಲಗೇಜಣ್ಣ’ ಎಂದ ದಿನ ‘ಪ್ರವೀಣ’ನನ್ನು ಬಿಟ್ಟರಾಯಿತು. ಟ್ಯಾಂಗ್ರಮ್ ಆಟದ ಸುತ್ತುಗಳನ್ನು ಅವನಿಗಾಗಿ ಇನ್ನೊಮ್ಮೆ, ಬೇಗ ಬೇಗ ಆಡಿದಂತೆ ಇದು.

ಯಾಕೆ ಎನ್ನುವ ಕತೆ ಕಾಯಬಹುದು. ಅವನು ಕೇಳಿದಾಗ ಹೇಳಬೇಕು, ಹೇಳಬೇಕಾದವನು ಪ್ರವೀಣನೇ. ತನ್ನ ಹೆಸರಿನ ಕತೆಯನ್ನು ತಾನೇ ಹೇಳುವವನು ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತಾನೇ ತೀರ್ಮಾನಿಸುತ್ತಾನೆ. ನೆನಪಿನ ಬಗ್ಗೆ ಇನ್ನೂ ಒಂದು ಕಾರಣವಿದೆ. ಹಳೆಯ ಘಟನೆಯ ಕೆಲವು ಭಾಗಗಳನ್ನೇ ಮತ್ತೆ ಮತ್ತೆ ಹೇಳಿದರೆ ಹೇಳದೆ ಬಿಟ್ಟ ಸಂಬಂಧಪಟ್ಟ ಭಾಗಗಳು ಹೇಳುವವನಿಗಷ್ಟೇ ಅಲ್ಲ, ಕೇಳುವವರಿಗೂ ಮಸುಕಾಗುತ್ತವೆ ಎಂದು ವಿಲಿಯಂ ಹರ್ಸ್ಟ್ ಮತ್ತು ಜೊತೆಗಾರರು 2007ರಲ್ಲಿ ತೋರಿಸಿದ್ದಾರೆ. ಸಾಗರದಲ್ಲಿ ಬಸ್ಸು ಹೊರಟಿದ್ದು ಎಲ್ಲರಿಗೂ ನೆನಪಿದೆ. ಎಚ್ಚರವಾದ ಮೇಲೆ ಪ್ರವೀಣ ಕಂಡಕ್ಟರನ್ನು ಒಪ್ಪಿಸಿ ಮುಂದಿನ ಊರಿನಲ್ಲಿ ಇಳಿದು, ಆರು ಜನರ ಚೀಲಗಳನ್ನು ಇಳಿಸಿಕೊಂಡು ಮಳೆಯಲ್ಲಿ ಕಾದಿದ್ದು ಪ್ರವೀಣನೊಬ್ಬನಿಗೆ ನೆನಪಿದ್ದರೂ ಆಶ್ಚರ್ಯವಿಲ್ಲ. ಹೊಸಬ ‘ಆಮೇಲೇನಾಯ್ತು?’ ಎಂದು ಕೇಳಿದಾಗ ಹಳಬರಿಗೂ ಆ ಭಾಗ ಸಿಗುತ್ತದೆ.

ಗುಂಪು ಆ ಹುಡುಗನನ್ನು ‘ಇಪ್ಪತ್ಮೂರು’ ಎಂದು ಕರೆಯತೊಡಗಿತು ಎಂದಿಟ್ಟುಕೊಳ್ಳಿ. ಇದು ಜಾಣ ಹೆಸರು. ಅವನು ಇಲ್ಲದ ಸಾಗರದ ಕತೆಗೂ ಅವನು ಇದ್ದ ವಿಮಾನ ನಿಲ್ದಾಣದ ಕತೆಗೂ ಗಂಟು ಹಾಕುತ್ತದೆ. ಹುಟ್ಟಿದಾಗ ಏಳೂ ಜನ ಹಾಜರಿದ್ದರು. ಹಾಗಂತ ಬಂದ ದಿನವೇ ಆದ ಎಡವಟ್ಟನ್ನು ಹೆಸರು ಮಾಡಿ ಅಂಟಿಸಿದರೆ ಅದು ರ‍್ಯಾಗಿಂಗ್ ಆಗಲೂಬಹುದು. ಎರಡಕ್ಕೂ ವ್ಯತ್ಯಾಸ ತಿಳಿಯುವುದು ಅವನು ಅದನ್ನು ಬಳಸುವುದರಲ್ಲಿ. ವಿಡಿಯೊ ಕರೆಗೆ ಬಂದು ‘ಇಪ್ಪತ್ಮೂರು ಹಾಜರ್’ ಎಂದರೆ ಹೆಸರು ಅವನದು. ವಾರ ಕಳೆದರೂ ಅದಕ್ಕೆ ಓಗೊಡದೆ, ತನ್ನ ನಿಜ ಹೆಸರಿನಿಂದಲೇ ಬರೆದುಕೊಳ್ಳುತ್ತಿದ್ದರೆ ಬಿಟ್ಟುಬಿಡಬೇಕು. ಕಾರಣ ಕೇಳಿ ಅವನನ್ನು ಇನ್ನೂ ಮುಜುಗರಕ್ಕೆ ತಳ್ಳುವುದು ಬೇಡ.

ಹೊಸಬ ಹೊರಗೇ ಉಳಿದಿದ್ದಾನೆ ಎಂಬುದಕ್ಕೆ ಬೇರೆ ಗುರುತುಗಳೂ ಇವೆ. ಅವನು ಎಲ್ಲದಕ್ಕೂ ಹೆಬ್ಬೆರಳಿನ ಚಿಹ್ನೆ ಮಾತ್ರ ಹಾಕುತ್ತಾನೆ. ಯಾರನ್ನೂ ಹೆಸರಿನಿಂದ ಕರೆಯದೆ ‘ನೀವು’, ‘ಸರ್’ ಎಂದು ತೇಲಿಸುತ್ತಾನೆ. ಎಲ್ಲಕ್ಕಿಂತ ಖಚಿತವಾದದ್ದು, ಗುಂಪಿನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ತನ್ನನ್ನು ಕರೆತಂದ ಗೆಳೆಯನಿಗೆ ಬೇರೆಯಾಗಿ ಕಳಿಸುತ್ತಾನೆ: ‘ಹದಿನೇಳು ಯಾರು?’ ಟೊರಾಂಟೊದವನು ಅದಕ್ಕೆ ಅಲ್ಲೇ ಉತ್ತರ ಕೊಟ್ಟು ಮುಗಿಸಿದರೆ ಹುಡುಗನಿಗೆ ಒಂದು ಉತ್ತರ ಸಿಕ್ಕಿತು, ಜಾಗ ಸಿಗಲಿಲ್ಲ. ಅದೇ ಉತ್ತರವನ್ನು ಗುಂಪಿನಲ್ಲಿ, ‘ಹದಿನೇಳು, ನಿನ್ನ ರೂಮಿನ ಕತೆ ಹೇಳೋ ಇವನಿಗೆ’ ಎಂದು ತಿರುಗಿಸುವುದು ಒಳ್ಳೆಯದು.

‘ಹದಿನೇಳು’ ಮಾತ್ರ ಎಷ್ಟು ವಿವರಿಸಿದರೂ ಹೊಸಬನ ಬಾಯಲ್ಲಿ ಕೂರಲಿಕ್ಕಿಲ್ಲ. ಕೂರದಿದ್ದರೆ ನಷ್ಟವಿಲ್ಲ. ಕೆಲವು ಹೆಸರುಗಳು ಆರೇ ಜನರವು, ಅವು ಹಾಗೇ ಇರಲಿ. ಹೊಸಬ ಆ ಗೆಳೆಯನನ್ನು ಬೇರೆ ಹೆಸರಿನಿಂದ ಕರೆದರೂ ಗುಂಪು ಒಡೆಯುವುದಿಲ್ಲ, ಅವನು ಯಾರ ಬಗ್ಗೆ ಮಾತಾಡುತ್ತಿದ್ದಾನೆ ಎಂಬುದು ಎಲ್ಲರಿಗೂ ತಿಳಿದರಾಯಿತು. ನಿಮ್ಮ ಗುಂಪಿಗೂ ಈಚೆಗೆ ಯಾರಾದರೂ ಸೇರಿದ್ದರೆ ಮುಂದಿನ ಕರೆಯಲ್ಲಿ ಅವರನ್ನೇ ಕೇಳಿ, ನಮ್ಮಲ್ಲಿ ಯಾರ ಹೆಸರು ನಿಮಗೆ ಇನ್ನೂ ಗೊತ್ತಾಗಿಲ್ಲ ಎಂದು. ಉತ್ತರ ಬರುವವರೆಗೆ ಹಳಬರು ಬಾಯಿ ಹಾಕಬೇಡಿ.